ತೊಟ್ಟಿಮನೆಯ ಮೂರು ನೋಟ

ಮಾತಿನ ವಿವರಣೆಯಿಂದ ಚಿತ್ರ ಮೂಡಿಸುವ ಸ್ಟೇಬಲ್ ಡಿಫ್ಯೂಷನ್‌ನಂಥ ತಂತ್ರಾಂಶದಲ್ಲಿ ಒಂದೇ ತೊಟ್ಟಿಮನೆಯ ಮುಂಭಾಗವನ್ನು ಒಂದು ದಿನ, ಪಕ್ಕದ ನೋಟವನ್ನು ಮರುದಿನ, ಒಳಾಂಗಣವನ್ನು ಮೂರನೆಯ ದಿನ ಮಾಡಿಸಿದರೆ, ಸಾಮಾನ್ಯವಾಗಿ ದೊರೆಯುವುದು ಒಂದೇ ಊರಿನ ಮೂರು ಬೇರೆ ಬೇರೆ ಮನೆಗಳು. ಸೀಡ್ ಸಂಖ್ಯೆಯನ್ನು, ಅಂದರೆ ಚಿತ್ರವು ಯಾವ ಚುಕ್ಕಿಗಳ ಗೊಂದಲದಿಂದ ಹೊರಡಬೇಕೆಂಬುದನ್ನು ಗೊತ್ತುಪಡಿಸುವ ಅಂಕಿಯನ್ನು, ಬದಲಿಸದೆ ಇಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ಆದರೆ ಆ ಸಂಖ್ಯೆ ಹಿಡಿದಿಡುವುದು ಹಾಳೆಯ ಮೇಲಿನ ಚುಕ್ಕಿಗಳನ್ನೇ ಹೊರತು ಗೋಡೆಗಳನ್ನಲ್ಲವಾದ್ದರಿಂದ, ನೋಡುವ ಕೋನ ಬದಲಾದೊಡನೆ ಅದರ ಆಸರೆ ತಪ್ಪುತ್ತದೆ.

ಹೀಗಾಗಿ ಮನೆಯನ್ನು ತಂತ್ರಾಂಶದ ಹೊರಗೆ ಕಟ್ಟಿಡಬೇಕಾಗುತ್ತದೆ. ಉಚಿತವಾಗಿ ದೊರೆಯುವ ಬ್ಲೆಂಡರ್‌ನಲ್ಲಿ 40 ಅಡಿ ಅಗಲದ ಮನೆ, ನಡುವೆ 10 ಅಡಿ ಚೌಕದ ತೊಟ್ಟಿ, ಅದರ ನಾಲ್ಕು ಮೂಲೆಗೆ ಕಂಬ, ಬಾಗಿಲಿನ ಎಡಕ್ಕೆ ದೊಡ್ಡ ಕಿಟಕಿ, ಬಲಕ್ಕೆ ಚಿಕ್ಕದು, ಇಷ್ಟನ್ನು ಬಣ್ಣವಿಲ್ಲದ ಪೆಟ್ಟಿಗೆಗಳಿಂದ ನಿಲ್ಲಿಸಿದರೆ ಸಾಕು. ಒಳಗೆ ನಿಂತು ಬಾಗಿಲಿನತ್ತ ನೋಡುವವನಿಗೆ ದೊಡ್ಡ ಕಿಟಕಿ ಬಲಕ್ಕೆ ಕಾಣಬೇಕೆಂಬುದನ್ನು ಈ ಮಾದರಿ ತಾನಾಗಿಯೇ ಪಾಲಿಸುತ್ತದೆ; ‘ಎಡಕ್ಕೆ ದೊಡ್ಡ ಕಿಟಕಿ’ ಎಂಬ ಹಳೆಯ ವಿವರಣೆಯನ್ನೇ ಒಳನೋಟಕ್ಕೂ ಬರೆದವರ ಚಿತ್ರದಲ್ಲಿ ಮನೆ ಮಗುಚಿಬಿದ್ದಿರುತ್ತದೆ. ತೊಟ್ಟಿಯು ಇಡೀ ಮನೆಗಿಂತ ದೊಡ್ಡದಾಗಿ ಕಾಣುವ ವಿನೋದವೂ ಇಂಥ ಚಿತ್ರಗಳಲ್ಲಿ ಅಪರೂಪವಲ್ಲ.

ಆ ಮಾದರಿಯ ಎದುರು, ಪಕ್ಕದಲ್ಲಿ ಮತ್ತು ಒಳಗೆ ಒಂದೊಂದು ಕ್ಯಾಮೆರಾವನ್ನಿಟ್ಟು, ಪ್ರತಿಯೊಂದರಿಂದಲೂ ಆಳನಕ್ಷೆಯನ್ನು, ಎಂದರೆ ಹತ್ತಿರದ್ದನ್ನು ಬಿಳಿಯಾಗಿಯೂ ದೂರದ್ದನ್ನು ಕಪ್ಪಾಗಿಯೂ ತೋರಿಸುವ ಬೂದುಚಿತ್ರವನ್ನು ಪಡೆದು, 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಜೋಡಣೆಗೆ ಕೊಟ್ಟರೆ, ಹೊಸ ಚಿತ್ರ ಆ ಆಕಾರಕ್ಕೆ ಒಗ್ಗಿಕೊಂಡು ಮೂಡುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸಾಮಾನ್ಯ ಬೂದುಚಿತ್ರದಲ್ಲಿರುವುದು 256 ಛಾಯೆಗಳು ಮಾತ್ರ. ಜಗಲಿಯ ಅಂಚಿನಿಂದ ಹಿನ್ನೆಲೆಯ ಮರಗಳವರೆಗಿನ 60 ಅಡಿಯನ್ನು ಅವುಗಳಿಗೆ ಸಮನಾಗಿ ಹಂಚಿದರೆ ಒಂದು ಛಾಯೆಗೆ ಸುಮಾರು ಮೂರು ಅಂಗುಲ ಬೀಳುವುದರಿಂದ, ಗೋಡೆಯಿಂದ ಎರಡೇ ಅಂಗುಲ ಒಳಗಿರುವ ಕಿಟಕಿ ಗೋಡೆಯಲ್ಲಿಯೇ ಕರಗಿಹೋಗಬಹುದು, ಆಗ ತಂತ್ರಾಂಶ ತನಗೆ ತೋಚಿದೆಡೆ ಕಿಟಕಿ ತೆರೆಯುತ್ತದೆ. ಮರಗಳನ್ನು ಕೈಬಿಟ್ಟು ಮುಂಭಾಗದ 15 ಅಡಿಗಷ್ಟೇ ಛಾಯೆಗಳನ್ನು ಹಂಚಿದರೆ ಒಂದೊಂದಕ್ಕೆ ಮುಕ್ಕಾಲು ಅಂಗುಲಕ್ಕಿಂತ ಕಡಿಮೆ ಬರುತ್ತದೆ; ಜೊತೆಗೆ ಅಂಚುಗಳ ಗೆರೆಚಿತ್ರವನ್ನೂ ಕೊಟ್ಟರೆ ಕಿಟಕಿ ಅಲುಗದು.

ಆಕಾರ ನಿಂತರೂ ಆಳನಕ್ಷೆಗೆ ಬಣ್ಣ ತಿಳಿಯದು. ಒಪ್ಪಿಗೆಯಾದ ಮುಂಭಾಗದ ಚಿತ್ರವನ್ನು ಐಪಿ-ಅಡಾಪ್ಟರ್ ಎಂಬ, ಮಾದರಿಚಿತ್ರದ ಚಹರೆಯನ್ನು ಹೊಸ ಚಿತ್ರಕ್ಕೆ ಒಯ್ಯುವ ಜೋಡಣೆಗೆ ಇಡಿಯಾಗಿ ಕೊಟ್ಟರೆ, ಅದು ಬಣ್ಣದೊಡನೆ ಜಗಲಿಯನ್ನೂ ನಡುಮನೆಯೊಳಕ್ಕೆ ಎಳೆದು ತರುವ ಅಪಾಯವಿದೆ. ಗೋಡೆಯ ಗಾರೆ, ಹೆಂಚು, ಕಂಬದ ಮರ ಇವುಗಳ ತುಣುಕುಗಳನ್ನಷ್ಟೇ ಕತ್ತರಿಸಿ ಕೊಡುವುದು ಲೇಸು. ಕಂಬದ ಕೆತ್ತನೆಯ ಬಳ್ಳಿ ಎಲೆಯೆಲೆಗೂ ಹೊಂದಬೇಕೆಂದು ಹಟ ಹಿಡಿಯುವವರು ಮಾತ್ರ ಈ ದಾರಿಯಲ್ಲಿ ದಣಿಯುತ್ತಾರೆ. ಅಷ್ಟು ಸೂಕ್ಷ್ಮ ವಿವರವನ್ನು ಮೂರೂ ಚಿತ್ರಗಳಲ್ಲಿ ಕೈಯಿಂದಲೇ ತಿದ್ದಬೇಕು.