ದೀರ್ಘವಾಕ್ಯದ ತೊಡಕು: ಯಂತ್ರಾನುವಾದದಲ್ಲಿ ಆವರ್ತಕ ಜಾಲಗಳ ನಿರ್ಗಮನವನ್ನು ಕುರಿತು

ನರಜಾಲಗಳನ್ನು ಆಧರಿಸಿದ ಯಂತ್ರಾನುವಾದದ ಚರಿತ್ರೆಯನ್ನು ಹೇಳುವ ಬರಹಗಳಲ್ಲಿ ಒಂದು ಕಥನ ಈಗ ರೂಢಿಗೆ ಬಂದಿದೆ. ಹಳೆಯ ಆವರ್ತಕ ಜಾಲಗಳು ವಾಕ್ಯವನ್ನು ಪದಪದವಾಗಿ ಓದುತ್ತಿದ್ದವು. ಕೊನೆಯನ್ನು ತಲುಪುವಷ್ಟರಲ್ಲಿ ಮೊದಲನ್ನು ಮರೆಯುತ್ತಿದ್ದವು. 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಇಡೀ ವಾಕ್ಯವನ್ನು ಒಮ್ಮೆಗೇ ನೋಡಬಲ್ಲದಾದ್ದರಿಂದ ಅವುಗಳ ಸ್ಥಾನವನ್ನು ಆಕ್ರಮಿಸಿತು ಎಂಬುದು ಅದರ ಸಾರ. ಭಾಷಾವಿಜ್ಞಾನಿಗಳಲ್ಲಿ ಕೆಲವರು ಇದರಿಂದ ಇನ್ನೂ ಮುಂದೆ ಹೋಗಿ, ವಾಕ್ಯರಚನೆ ಸರಣಿಯಲ್ಲ ಎಂಬ ತಮ್ಮ ನಿಲುವಿಗೆ ಇಲ್ಲೊಂದು ಪ್ರಾಯೋಗಿಕ ಸಮರ್ಥನೆ ದೊರೆಯಿತೆಂದು ಭಾವಿಸುವುದುಂಟು. ನಮ್ಮ ದೃಷ್ಟಿಯಲ್ಲಿ ಈ ಕಥನವು ಮೂರು ಬೇರೆಬೇರೆ ತೊಡಕುಗಳನ್ನು ಒಂದಾಗಿಸಿಬಿಡುತ್ತದೆ. ಅರ್ಥವನ್ನು ಹಿಡಿದಿಡುವ ಪಾತ್ರೆಯ ಇಕ್ಕಟ್ಟು ಒಂದು. ಪರಸ್ಪರ ಸಂಬಂಧವುಳ್ಳ ಪದಗಳ ನಡುವಿನ ದೂರ ಇನ್ನೊಂದು. ಗಣನೆ ಒಂದರ ಹಿಂದೆ ಒಂದಾಗಿಯೇ ನಡೆಯಬೇಕೆಂಬ ಕಟ್ಟು ಮೂರನೆಯದು. ಇವುಗಳಲ್ಲಿ ಯಾವುದನ್ನು ಯಾವುದು ಬಿಡಿಸಿತೆಂಬುದನ್ನು ವಿಂಗಡಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಮೊದಲನೆಯದನ್ನು ಎತ್ತಿಕೊಳ್ಳೋಣ. 2014ರ ಎನ್‌ಕೋಡರ್-ಡಿಕೋಡರ್ ಮಾದರಿಯಲ್ಲಿ ಎರಡು ಆವರ್ತಕ ಜಾಲಗಳಿದ್ದವು. ಮೊದಲನೆಯದು ಮೂಲವಾಕ್ಯವನ್ನು ಓದುತ್ತ, ಪ್ರತಿ ಪದಕ್ಕೂ ತನ್ನ ಒಳಸ್ಥಿತಿಯನ್ನು ಬದಲಿಸಿಕೊಳ್ಳುತ್ತದೆ. ವಾಕ್ಯ ಮುಗಿದಾಗ ಉಳಿದ ಒಳಸ್ಥಿತಿಯೇ ಇಡೀ ವಾಕ್ಯದ ಪ್ರತಿನಿಧಿ. ಎರಡನೆಯ ಜಾಲ ಅದೊಂದನ್ನೇ ಆಧಾರವಾಗಿಟ್ಟುಕೊಂಡು ಗುರಿಭಾಷೆಯ ಪದಗಳನ್ನು ಹೊರಡಿಸುತ್ತದೆ. ಈ ಪ್ರತಿನಿಧಿಯ ಗಾತ್ರ ನಿಶ್ಚಿತವಾದದ್ದು. ಐದು ಪದಗಳ ವಾಕ್ಯಕ್ಕೂ ಐವತ್ತು ಪದಗಳ ವಾಕ್ಯಕ್ಕೂ ಅಷ್ಟೇ ಸಂಖ್ಯೆಗಳು. ಕ್ಯುಂಗ್‌ಹ್ಯುನ್ ಚೊ ಮತ್ತು ಸಂಗಡಿಗರು ಅದೇ ವರ್ಷ ಇಂಥ ಮಾದರಿಯ ಗುಣಧರ್ಮಗಳನ್ನು ಪರಿಶೀಲಿಸಿ, ವಾಕ್ಯ ಉದ್ದವಾದಂತೆ ಅನುವಾದದ ಗುಣಮಟ್ಟ ಬೇಗ ಕುಸಿಯುತ್ತದೆಂದು ತೋರಿಸಿದರು.

ಕುಸಿತ ಹೇಗೆ ಕಾಣಿಸುತ್ತದೆ ಎಂಬುದಕ್ಕೆ ಬಾದನೌ, ಚೊ ಮತ್ತು ಬೆಂಜಿಯೊ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ ಒಂದು ಉದಾಹರಣೆ ಇಂದಿಗೂ ಬೋಧಪ್ರದವಾಗಿದೆ. ಸುಮಾರು 40 ಪದಗಳ ಇಂಗ್ಲಿಷ್ ವಾಕ್ಯವೊಂದನ್ನು ಫ್ರೆಂಚಿಗೆ ತರಬೇಕಾಗಿತ್ತು. ಅದರ ತಾತ್ಪರ್ಯ ಹೀಗೆ: ವೈದ್ಯನೊಬ್ಬನು ಆಸ್ಪತ್ರೆಯಲ್ಲಿ ಆರೋಗ್ಯ ಸೇವೆಯ ಸಿಬ್ಬಂದಿಯಾಗಿರುವ ತನ್ನ ಸ್ಥಾನದ ಆಧಾರದ ಮೇಲೆ, ರೋಗನಿದಾನಕ್ಕಾಗಲಿ ಚಿಕಿತ್ಸಾಕ್ರಮಕ್ಕಾಗಲಿ ರೋಗಿಯನ್ನು ಆಸ್ಪತ್ರೆಗೋ ವೈದ್ಯಕೀಯ ಕೇಂದ್ರಕ್ಕೋ ಸೇರಿಸಿಕೊಳ್ಳುವ ಹಕ್ಕು. ಇಂಗ್ಲಿಷಿನಲ್ಲಿ ಈ ‘ಸ್ಥಾನದ ಆಧಾರ’ ವಾಕ್ಯದ ಕೊನೆಗೆ ಬರುತ್ತದೆ. ಹಳೆಯ ಮಾದರಿ ‘ವೈದ್ಯಕೀಯ ಕೇಂದ್ರ’ ಎಂಬಲ್ಲಿಯವರೆಗೆ ಬಹುಮಟ್ಟಿಗೆ ಸರಿಯಾಗಿ ನಡೆದು, ಆಮೇಲೆ ದಾರಿ ತಪ್ಪಿ, ‘ಅವನ ಆರೋಗ್ಯಸ್ಥಿತಿಗೆ ಅನುಗುಣವಾಗಿ’ ಎಂಬರ್ಥದ ಫ್ರೆಂಚ್ ಪದಪುಂಜದೊಡನೆ ವಾಕ್ಯವನ್ನು ಮುಗಿಸಿಬಿಟ್ಟಿತು. ವೈದ್ಯನ ಹುದ್ದೆ ಮಾಯವಾಗಿ ಯಾರದೋ ದೇಹಸ್ಥಿತಿ ಬಂದು ಕುಳಿತಿತು.

ಈ ತಪ್ಪಿನ ಸ್ವರೂಪವನ್ನು ಗಮನಿಸಬೇಕು. ಅದು ಗೊಂದಲವಲ್ಲ. ಕೊನೆಯ ಪದಪುಂಜ ವ್ಯಾಕರಣಬದ್ಧವಾಗಿದೆ, ಆಸ್ಪತ್ರೆಯ ಸಂದರ್ಭಕ್ಕೆ ಒಪ್ಪುವಂತೆಯೂ ಇದೆ. ‘ಆರೋಗ್ಯ’, ‘ಸ್ಥಿತಿ’ ಎಂಬ ಅರ್ಥದ ತುಣುಕುಗಳು ಉಳಿದಿವೆ; ಅವುಗಳನ್ನು ಬಂಧಿಸಿದ್ದ ಸಂಬಂಧ ಮಾತ್ರ ಕರಗಿಹೋಗಿದೆ. ಉಳಿದ ತೆರಪನ್ನು ಡಿಕೋಡರ್ ತನಗೆ ಗೊತ್ತಿರುವ ಫ್ರೆಂಚಿನಿಂದ ತುಂಬಿಕೊಂಡಿದೆ. ಗುರಿಭಾಷೆಯ ಪಠ್ಯವನ್ನಷ್ಟೇ ಓದುವವನಿಗೆ ಇಂಥ ದೋಷ ತಿಳಿಯುವುದೇ ಇಲ್ಲ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡರೆ ಎರಡು ಕುರುಹುಗಳು ಸಿಗುತ್ತವೆ: ಅನುವಾದ ಅಕಾಲಿಕವಾಗಿ ಮುಗಿದಿರುತ್ತದೆ, ಮತ್ತು ಹಾನಿ ಹೆಚ್ಚಾಗಿ ಉತ್ತರಾರ್ಧದಲ್ಲಿರುತ್ತದೆ.

ಎರಡನೆಯ ತೊಡಕಾದ ದೂರದ ಬೇರು ಇನ್ನೂ ಹಳೆಯದು. ಜಾಲವನ್ನು ತರಬೇತುಗೊಳಿಸುವಾಗ ತಪ್ಪಿನ ಸಂಕೇತ ಕೊನೆಯ ಪದದಿಂದ ಹಿಂದಕ್ಕೆ ಹರಿಯಬೇಕು. ಪ್ರತಿ ಹೆಜ್ಜೆಯಲ್ಲೂ ಅದರ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆಂದು ಊಹಿಸಿದರೂ, ಹತ್ತು ಹೆಜ್ಜೆಗಳ ಬಳಿಕ ಸುಮಾರು 35 ಪ್ರತಿಶತ, ನಲವತ್ತು ಹೆಜ್ಜೆಗಳ ಬಳಿಕ ಬರಿಯ ಒಂದೂವರೆ ಪ್ರತಿಶತ ಉಳಿಯುತ್ತದೆ. ಬೆಂಜಿಯೊ, ಸಿಮಾರ್ ಮತ್ತು ಫ್ರಾಸ್ಕೋನಿ 1994ರಲ್ಲಿಯೇ ಇದನ್ನು ವಿಶ್ಲೇಷಿಸಿದ್ದರು. 1997ರಲ್ಲಿ ಹೋಖ್ರೈಟರ್ ಮತ್ತು ಶ್ಮಿಡ್‌ಹೂಬರ್ ರೂಪಿಸಿದ ಎಲ್‌ಎಸ್‌ಟಿಎಂ ಎಂಬ ದ್ವಾರಯುಕ್ತ ಘಟಕ ಈ ಸೋರಿಕೆಯನ್ನು ತಡೆಯಲೆಂದೇ ಹುಟ್ಟಿದ್ದು. ಅದು ಸೋರಿಕೆಯನ್ನು ಕಡಿಮೆ ಮಾಡಿತೇ ಹೊರತು ದೂರವನ್ನು ಇಲ್ಲವಾಗಿಸಲಿಲ್ಲ.

ಸುತ್ಸ್‌ಕೇವರ್, ವಿನ್ಯಾಲ್ಸ್ ಮತ್ತು ಲೆ ಅವರ 2014ರ ಪ್ರಯೋಗ ಇಲ್ಲಿ ಸ್ವಾರಸ್ಯಕರವಾಗಿದೆ. ಇಂಗ್ಲಿಷ್ ಮೂಲವಾಕ್ಯವನ್ನು ತಲೆಕೆಳಗಾಗಿ, ಅಂದರೆ ಕೊನೆಯ ಪದದಿಂದ ಮೊದಲ ಪದದತ್ತ ಓದಿಸಿದಾಗ, ಅವರ ಬ್ಲೂ ಅಂಕ 25.9ರಿಂದ 30.6ಕ್ಕೆ ಏರಿತು. ತಮ್ಮ ಮಾದರಿಗೆ ದೀರ್ಘವಾಕ್ಯಗಳು ಕಷ್ಟವಾಗಲಿಲ್ಲವೆಂದೂ ಅವರು ವರದಿ ಮಾಡಿದರು. ಇಂಗ್ಲಿಷ್ ಮತ್ತು ಫ್ರೆಂಚುಗಳ ಪದಾನುಕ್ರಮ ಹೆಚ್ಚುಕಡಿಮೆ ಒಂದೇ ಆದ್ದರಿಂದ, ತಿರುಗಿಸಿ ಓದಿದಾಗ ಮೂಲದ ಮೊದಲ ಪದಗಳು ಅನುವಾದದ ಮೊದಲ ಪದಗಳಿಗೆ ಹತ್ತಿರವಾದವು. ಆರಂಭ ಸರಿಯಾದರೆ ಮುಂದಿನದು ಅದರ ಆಸರೆಯಲ್ಲಿ ನಡೆಯುತ್ತದೆ.

ಈ ಉಪಾಯದ ಫಲ ಜಾಲದ ಗುಣವೋ ಭಾಷಾಜೋಡಿಯ ಗುಣವೋ ಎಂದು ಕೇಳಿಕೊಳ್ಳಲು ಕನ್ನಡ ಸಹಾಯಕ್ಕೆ ಬರುತ್ತದೆ. ‘ಹುಡುಗಿ ನಿನ್ನೆ ಸಂಜೆ ಪೇಟೆಯಿಂದ ತಂದ ಪುಸ್ತಕವನ್ನು ಅಣ್ಣನಿಗೆ ಕೊಟ್ಟಳು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಮೊದಲು ಬೇಕಾಗುವುದು ಕರ್ತೃ, ಅದರ ಬೆನ್ನಿಗೇ ಕ್ರಿಯಾಪದ. ಕನ್ನಡದಲ್ಲಿ ಇವೆರಡೂ ವಾಕ್ಯದ ಎರಡು ತುದಿಗಳಲ್ಲಿವೆ. ನೇರವಾಗಿ ಓದಿದರೆ ‘ಹುಡುಗಿ’ ದೂರ, ತಿರುಗಿಸಿ ಓದಿದರೆ ‘ಕೊಟ್ಟಳು’ ದೂರ. ಓದುವ ದಿಕ್ಕನ್ನು ಬದಲಿಸಿ ಇಲ್ಲಿ ಗಳಿಸುವುದೇನೂ ಇಲ್ಲ. ಯಾವುದೋ ಒಂದು ಜೋಡಿಯ ಮೇಲೆ ಪಡೆದ ಅಂಕವನ್ನು ಮಾದರಿಯ ಸಾಮರ್ಥ್ಯವೆಂದು ಓದುವ ಅಭ್ಯಾಸವನ್ನು ನಾವು ಸಂದೇಹಿಸುವುದು ಇದಕ್ಕಾಗಿಯೇ.

ಪಾತ್ರೆಯ ಇಕ್ಕಟ್ಟನ್ನು ಬಿಡಿಸಿದ್ದು ಟ್ರಾನ್ಸ್‌ಫಾರ್ಮರ್ ಅಲ್ಲ. ಮೇಲೆ ಹೇಳಿದ ಬಾದನೌ ಮತ್ತು ಸಂಗಡಿಗರ ಪ್ರಬಂಧವೇ ಅದನ್ನು ಬಿಡಿಸಿತ್ತು. ಅವರು ಕೊನೆಯ ಒಳಸ್ಥಿತಿಯೊಂದನ್ನೇ ನೆಚ್ಚದೆ, ಪ್ರತಿ ಮೂಲಪದಕ್ಕೂ ಒಂದೊಂದು ಪ್ರತಿನಿಧಿಯನ್ನು ಉಳಿಸಿಕೊಂಡರು. ಡಿಕೋಡರ್ ಒಂದೊಂದು ಪದ ಹೊರಡಿಸುವಾಗಲೂ ಆ ಸಾಲಿನತ್ತ ಮರಳಿ, ಯಾವುದಕ್ಕೆ ಎಷ್ಟು ತೂಕವೆಂದು ನಿರ್ಧರಿಸುತ್ತದೆ. ಇದನ್ನೇ ಅವಧಾನವೆಂದು ಕರೆಯುತ್ತೇವೆ. 50 ಪದಗಳವರೆಗಿನ ವಾಕ್ಯಗಳ ಮೇಲೆ ತರಬೇತಾದ ಎರಡು ಮಾದರಿಗಳಲ್ಲಿ ಅವಧಾನವಿಲ್ಲದ್ದಕ್ಕೆ 17.82, ಅವಧಾನವಿದ್ದದ್ದಕ್ಕೆ 26.75 ಬ್ಲೂ ಅಂಕ ಬಂತು. ಎರಡನೆಯದರಲ್ಲಿ ಉದ್ದಕ್ಕೆ ತಕ್ಕ ಕುಸಿತ ಕಾಣಲಿಲ್ಲ. ವೈದ್ಯನ ಹುದ್ದೆಯೂ ಫ್ರೆಂಚಿನಲ್ಲಿ ಉಳಿದುಕೊಂಡಿತು. ಮಾದರಿಯಾದರೋ ಆವರ್ತಕ ಜಾಲವೇ ಆಗಿತ್ತೆಂಬುದು ರೂಢಿಯ ಕಥನದಲ್ಲಿ ಮರೆಯಾಗುತ್ತದೆ.

ತೊಡಕು ಪೂರ್ತಿ ಮುಗಿಯಿತೆಂದೂ ಅಲ್ಲ. 2017ರಲ್ಲಿ ಕೋನ್ ಮತ್ತು ನೋಲ್ಸ್ ಅವಧಾನಸಹಿತ ಆವರ್ತಕ ಜಾಲವನ್ನು ಹಳೆಯ ಪದಪುಂಜಾಧಾರಿತ ಸಂಖ್ಯಾಶಾಸ್ತ್ರೀಯ ಪದ್ಧತಿಯೊಡನೆ ಹೋಲಿಸಿದಾಗ, ಸುಮಾರು 60 ಪದಗಳವರೆಗೆ ನರಜಾಲ ಮೇಲಾಗಿತ್ತು. 80 ಪದಗಳನ್ನು ಮೀರಿದ ವಾಕ್ಯಗಳಲ್ಲಿ ಹಳೆಯ ಪದ್ಧತಿಗಿಂತ ಕೆಳಗಿಳಿಯಿತು. ಅಲ್ಲಿಯೂ ಮುಖ್ಯ ಲಕ್ಷಣ ಒಂದೇ: ಅನುವಾದ ತೀರ ಮೊಟಕಾಗುತ್ತಿತ್ತು.

ಹಾಗಾದರೆ ವಾಸ್ವಾನಿ ಮತ್ತು ಸಂಗಡಿಗರ 2017ರ ಟ್ರಾನ್ಸ್‌ಫಾರ್ಮರ್ ತಂದ ಬದಲಾವಣೆ ಯಾವುದು? ಅದು ಆವರ್ತನವನ್ನು ತೆಗೆದುಹಾಕಿ, ಮೂಲವಾಕ್ಯದ ಒಳಗೂ ಅವಧಾನವನ್ನೇ ಬಳಸಿತು. ಪ್ರತಿ ಪದವೂ ಉಳಿದೆಲ್ಲ ಪದಗಳನ್ನು ನೇರವಾಗಿ ನೋಡುತ್ತದೆ. ‘ಹುಡುಗಿ’ಗೂ ‘ಕೊಟ್ಟಳು’ವಿಗೂ ನಡುವೆ ಎಷ್ಟೇ ಪದಗಳಿರಲಿ, ದಾರಿ ಒಂದೇ ಹೆಜ್ಜೆ. ಇದಕ್ಕೆ ತೆರುವ ಬೆಲೆ ಹೋಲಿಕೆಗಳ ಸಂಖ್ಯೆ: 40 ಪದಗಳಿಗೆ 1,600, 80 ಪದಗಳಿಗೆ 6,400. ಆದರೆ ಒಂದು ಪದರದಲ್ಲಿನ ಈ ಹೋಲಿಕೆಗಳೆಲ್ಲ ಏಕಕಾಲದಲ್ಲಿ ನಡೆಯಬಲ್ಲವು. ಆವರ್ತಕ ಜಾಲದಲ್ಲಿ ನಲವತ್ತನೆಯ ಪದ ಮೂವತ್ತೊಂಬತ್ತನೆಯದಕ್ಕಾಗಿ ಕಾಯಲೇಬೇಕು. ಸಾವಿರಾರು ಗಣಕಘಟಕಗಳಿದ್ದರೂ ಆ ಕಾಯುವಿಕೆ ತಪ್ಪದು. ಟ್ರಾನ್ಸ್‌ಫಾರ್ಮರಿನ ಮೂಲ ಮಾದರಿ ಎಂಟು ಜಿಪಿಯುಗಳ ಮೇಲೆ 12 ಗಂಟೆಗಳಲ್ಲಿ ತರಬೇತಾಯಿತು. ಮೂರೂವರೆ ದಿನ ತರಬೇತಾದ ದೊಡ್ಡ ಮಾದರಿ ಇಂಗ್ಲಿಷ್-ಜರ್ಮನ್ ಅನುವಾದದಲ್ಲಿ 28.4 ಅಂಕ ಪಡೆಯಿತು. ಬಿಡಿಸಿದ್ದು ಮುಖ್ಯವಾಗಿ ಮೂರನೆಯ ತೊಡಕನ್ನು ಎಂಬುದು ನಮ್ಮ ವಾದ.

ದಾರಿ ಒಂದೇ ಹೆಜ್ಜೆಯಾದ್ದರಿಂದ ದೂರದ ಸಂಬಂಧಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ ಎಂಬ ಮಾತು ತರ್ಕಕ್ಕೆ ಒಪ್ಪುವಂತಿದೆ. ಆದರೆ ಅದನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. 2018ರಲ್ಲಿ ಟಾಂಗ್, ಮುಲ್ಲರ್, ರಿಯೊಸ್ ಮತ್ತು ಸೆನ್ರಿಚ್ ಮಾದರಿಗೆ ಎರಡೆರಡು ಜರ್ಮನ್ ಅನುವಾದಗಳನ್ನು ಕೊಟ್ಟರು. ಒಂದು ಸರಿಯಾದದ್ದು, ಇನ್ನೊಂದರಲ್ಲಿ ಕ್ರಿಯಾಪದದ ವಚನ ಮಾತ್ರ ಕೆಟ್ಟದ್ದು. ಯಾವುದಕ್ಕೆ ಹೆಚ್ಚು ಸಂಭಾವ್ಯತೆ ಸಿಗುತ್ತದೆಂದು ನೋಡಿ, ಕರ್ತೃ-ಕ್ರಿಯಾಪದಗಳ ದೂರಕ್ಕನುಸಾರ ಫಲಿತಾಂಶವನ್ನು ವಿಂಗಡಿಸಿದರು. ದೂರದ ಹೊಂದಾಣಿಕೆಯಲ್ಲಿ ಟ್ರಾನ್ಸ್‌ಫಾರ್ಮರ್ ಆವರ್ತಕ ಜಾಲವನ್ನು ಮೀರಿಸಲಿಲ್ಲ. ಅದು ಸ್ಪಷ್ಟವಾಗಿ ಮುಂದಿದ್ದದ್ದು ಅನೇಕಾರ್ಥ ಪದಗಳ ಅರ್ಥನಿರ್ಣಯದಲ್ಲಿ. ರಚನೆಗಿಂತ ಅರ್ಥದ ಕಡೆಯಲ್ಲಿ ಲಾಭವಾಯಿತೆಂಬ ಈ ಫಲಿತಾಂಶ, ವಾಕ್ಯರಚನೆಯ ಸಿದ್ಧಾಂತಕ್ಕೆ ಇಲ್ಲಿ ಪುರಾವೆ ಹುಡುಕುವವರಿಗೆ ಅಷ್ಟೇನೂ ಅನುಕೂಲವಲ್ಲ.

ಅದೇ ವರ್ಷ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರಿನ ಜೊತೆಗೆ ಬಂದ ತರಬೇತಿಯ ತಂತ್ರಗಳನ್ನು ಆವರ್ತಕ ಜಾಲಕ್ಕೂ ಅನ್ವಯಿಸಿ, ಅದು ಟ್ರಾನ್ಸ್‌ಫಾರ್ಮರಿಗೆ ಸರಿದೂಗಬಲ್ಲದೆಂದು ತೋರಿಸಿದರು. 2020ರಲ್ಲಿ ಗೂಗಲ್ ತನ್ನ ಅನುವಾದ ಸೇವೆಯ ಮಾದರಿಯನ್ನು ವಿವರಿಸಿದಾಗ, ಅದರಲ್ಲಿ ಎನ್‌ಕೋಡರ್ ಟ್ರಾನ್ಸ್‌ಫಾರ್ಮರ್, ಡಿಕೋಡರ್ ಆವರ್ತಕ ಜಾಲವಾಗಿತ್ತು. ಅನುವಾದ ಹೊರಬರುವುದು ಹೇಗಿದ್ದರೂ ಪದಪದವಾಗಿಯೇ. ಆ ಕೆಲಸದಲ್ಲಿ ಆವರ್ತಕ ಜಾಲ ಹೆಚ್ಚು ವೇಗಶಾಲಿ. ‘ನಿರ್ಗಮನ’ ಎಂಬ ನಮ್ಮ ಶೀರ್ಷಿಕೆಯ ಪದವನ್ನು ಈ ಮಿತಿಯೊಳಗೇ ಓದಬೇಕು.

ಉದ್ದದ ಸಮಸ್ಯೆ ಹೊಸ ವೇಷದಲ್ಲಿ ಮರಳಿರುವುದೂ ಉಂಟು. ಎಲ್ಲ ಪದಗಳನ್ನೂ ಒಟ್ಟಿಗೆ ನೋಡುವ ಜಾಲಕ್ಕೆ ಪದಾನುಕ್ರಮದ ಅರಿವು ತಾನಾಗಿ ಇರುವುದಿಲ್ಲ. ಸ್ಥಾನಸೂಚಕ ಸಂಖ್ಯೆಗಳನ್ನು ಹೊರಗಿನಿಂದ ಸೇರಿಸಬೇಕು. ತರಬೇತಿಯಲ್ಲಿ ಕಾಣದ ಸ್ಥಾನಗಳು ಎದುರಾದಾಗ ಜಾಲ ಎಡವುತ್ತದೆ. ವಾರಿಶ್ ಮತ್ತು ಬೊಯಾರ್ 2021ರಲ್ಲಿ ತೋರಿಸಿದಂತೆ, ಟ್ರಾನ್ಸ್‌ಫಾರ್ಮರಿನ ಅನುವಾದ ತರಬೇತಿಯ ವಾಕ್ಯಗಳ ಉದ್ದದತ್ತಲೇ ವಾಲುತ್ತದೆ. ಅವುಗಳಿಗಿಂತ ದೀರ್ಘವಾದ ವಾಕ್ಯ ಮಾತ್ರವಲ್ಲ, ಗಿಡ್ಡವಾದ ವಾಕ್ಯವೂ ಕೆಡುತ್ತದೆ. ಇದು ಮರೆವಲ್ಲ, ಅಪರಿಚಯ. ಎರಡಕ್ಕೂ ಚಿಕಿತ್ಸೆ ಬೇರೆ.

ಈ ಎರಡನ್ನು ಬೇರ್ಪಡಿಸಲು ಇಂಗ್ಲಿಷಿಗಿಂತ ಕನ್ನಡದಲ್ಲಿ ಅನುಕೂಲ ಹೆಚ್ಚು. ಇಂಗ್ಲಿಷಿನಲ್ಲಿ ಕರ್ತೃ-ಕ್ರಿಯಾಪದಗಳನ್ನು ದೂರ ಮಾಡಲು ಸಾಮಾನ್ಯವಾಗಿ ನಡುವೆ ಪದಗಳನ್ನು ಸೇರಿಸಬೇಕಾಗುತ್ತದೆ. ದೂರ ಬೆಳೆದಂತೆ ಉದ್ದವೂ ಬೆಳೆಯುತ್ತದೆ. ಕನ್ನಡದಲ್ಲಿ ‘ಹುಡುಗಿ ನಿನ್ನೆ ಸಂಜೆ ಅಣ್ಣನು ಕೊಟ್ಟ ಚೀಲವನ್ನು ಹಿಡಿದುಕೊಂಡು ಪೇಟೆಗೆ ಹೋದಳು’ ಎಂಬುದನ್ನು ‘ನಿನ್ನೆ ಸಂಜೆ ಅಣ್ಣನು ಕೊಟ್ಟ ಚೀಲವನ್ನು ಹಿಡಿದುಕೊಂಡು ಪೇಟೆಗೆ ಹುಡುಗಿ ಹೋದಳು’ ಎಂದೂ ಹೇಳಬಹುದು. ಪದಗಳು ಅವೇ, ಉದ್ದವೂ ಅಷ್ಟೇ. ‘ಹುಡುಗಿ’ ಮತ್ತು ‘ಹೋದಳು’ಗಳ ನಡುವಣ ದೂರ ಮಾತ್ರ ಏಳು ಪದಗಳಿಂದ ಸೊನ್ನೆಗೆ ಇಳಿದಿದೆ. ಒಂದೇ ಇಂಗ್ಲಿಷ್ ಮೂಲಕ್ಕೆ ಈ ಎರಡು ರೂಪಗಳನ್ನೂ, ‘ಹೋದನು’ ಎಂಬ ಕೆಟ್ಟ ಜೋಡಿಗಳೊಡನೆ, ಎರಡು ಬಗೆಯ ಜಾಲಗಳ ಮುಂದಿಡಬೇಕು. ಎರಡನೆಯ ರೂಪದ ಅಪರೂಪವು ಸರಿ-ತಪ್ಪು ಎರಡನ್ನೂ ಸಮವಾಗಿ ತಟ್ಟುವುದರಿಂದ, ಹೋಲಿಸಬೇಕಾದದ್ದು ಪ್ರತಿ ಜೋಡಿಯೊಳಗಿನ ಅಂತರವನ್ನೇ. ಆ ಅಂತರ ದೂರದೊಡನೆ ಕುಗ್ಗಿದರೆ ತೊಡಕು ದೂರದ್ದು. ಕುಗ್ಗದೆ, ವಾಕ್ಯವನ್ನು ಒಟ್ಟಾರೆ ಉದ್ದಗೊಳಿಸಿದಾಗ ಮಾತ್ರ ಕುಗ್ಗಿದರೆ ಅದು ಉದ್ದದ್ದು.