ಪುನಃ ಪುನಃ ಗರ್ಭಸ್ರಾವ: ತಪಾಸಣೆಯ ಸಾರಾಸಾರ

ತುಂಗೆಯ ದಡದ ಹರಿಹರಪುರದಿಂದಾಗಲಿ, ಅದರ ಸುತ್ತಣ ಅಡಕೆ ತೋಟಗಳ ಒಂಟಿಮನೆಗಳಿಂದಾಗಲಿ, ಬಸಿರು ನಿಲ್ಲದ ದುಃಖವನ್ನು ಹೊತ್ತು ಕೊಪ್ಪಕ್ಕೂ, ತೀರ್ಥಹಳ್ಳಿಯ ದಾರಿಯಾಗಿ ಶಿವಮೊಗ್ಗಕ್ಕೂ, ಇಲ್ಲವೆ ಆಗುಂಬೆಯ ಘಟ್ಟವಿಳಿದು ಮಣಿಪಾಲಕ್ಕೂ ಹೋಗಿಬರುವ ದಂಪತಿಗಳ ಕೈಯಲ್ಲಿ ಸಾಮಾನ್ಯವಾಗಿ ಒಂದು ದಪ್ಪನೆಯ ಫೈಲು ಇರುತ್ತದೆ. ಅದರೊಳಗಣ ವರದಿಗಳಲ್ಲಿ ಮುಂದಿನ ಚಿಕಿತ್ಸೆಯನ್ನು ನಿರ್ಣಯಿಸಬಲ್ಲವು ಯಾವುವು, ಖರ್ಚಿಗೂ ಕಳವಳಕ್ಕೂ ಮಾತ್ರ ಕಾರಣವಾಗುವಂಥವು ಯಾವುವು ಎಂಬ ವಿವೇಚನೆ ನಮ್ಮಲ್ಲಿ ಸಾಕಷ್ಟು ನಡೆದಿಲ್ಲವೆಂದೇ ನನ್ನ ಅಭಿಪ್ರಾಯ.

ವಿಷಯ ಹಿಡಿತಕ್ಕೆ ಸಿಗುವಂತೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. 29 ವರ್ಷದ ಗೃಹಿಣಿ; ಮೂರು ಸಲ ಬಸಿರಾಗಿ ಮೂರು ಸಲವೂ 8ರಿಂದ 10ನೆಯ ವಾರದೊಳಗೆ ಕಳೆದುಕೊಂಡವಳು; ಎರಡು ಸಲ ಸ್ಕ್ಯಾನಿಂಗಿನಲ್ಲಿ ಮಗುವಿನ ಹೃದಯ ಮಿಡಿದದ್ದನ್ನು ಕಂಡು, ಮುಂದಿನ ಸ್ಕ್ಯಾನಿಂಗಿನಲ್ಲಿ ಅದು ನಿಂತದ್ದನ್ನೂ ಕಂಡವಳು. ಅವಳ ಫೈಲಿನ ಮೇಲ್ಭಾಗದಲ್ಲಿ ‘ಟಾರ್ಚ್’ ಎಂಬ ರಕ್ತಪರೀಕ್ಷೆಯ ವರದಿಗಳೇ ಮೂರಿವೆ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ ಮೊದಲಾದ ಸೋಂಕುಗಳಿಗೆ ಎದುರಾಗಿ ದೇಹವು ನಿರ್ಮಿಸಿಕೊಂಡ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ ಇದು. ಇಂಥ ಸೋಂಕು ಹೊಸದಾಗಿ ತಗುಲಿದಾಗ ಒಂದು ಬಸಿರನ್ನು ಕೆಡಿಸಬಹುದೇ ಹೊರತು, ಅನಂತರ ದೇಹದಲ್ಲಿ ರಕ್ಷಣೆ ಹುಟ್ಟುವುದರಿಂದ, ಮೂರು ಬಸಿರುಗಳನ್ನು ಸಾಲಾಗಿ ಕೆಡಿಸುವುದು ಅದರ ರೀತಿಯಲ್ಲ. ‘ಐಜಿಜಿ ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿ ಮುದ್ರಿತವಾದ ಸಾಲು ಹಳೆಯ ಸೋಂಕಿನ, ಇಲ್ಲವೆ ಲಸಿಕೆಯ ಗುರುತು ಮಾತ್ರ. ಸೈಟೊಮೆಗಲೊ ವೈರಸ್ಸಿನ ವಿಷಯದಲ್ಲಿ ನಮ್ಮ ದೇಶದ ಬಹುಪಾಲು ವಯಸ್ಕರೆಲ್ಲರ ವರದಿಯೂ ಹಾಗೆಯೇ ಬಂದೀತು. ಆದರೂ ಆ ಸಾಲನ್ನು ಓದಿ, ತನ್ನ ರಕ್ತದಲ್ಲಿಯೇ ದೋಷವಿದೆಯೆಂದು ನಂಬಿ, ವಾರಗಟ್ಟಲೆ ಮಾತ್ರೆ ನುಂಗಿದ ಹೆಂಗಸರಿದ್ದಾರೆ. ಈ ಪರೀಕ್ಷೆಯನ್ನು ಪುನರಾವರ್ತಿತ ಗರ್ಭಸ್ರಾವದ ತಪಾಸಣೆಯಿಂದ ತೆಗೆದುಹಾಕಬೇಕೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಫೈಲಿನಲ್ಲಿ ಇರಬೇಕಾಗಿದ್ದು ಇಲ್ಲದಿರುವುದು ಮತ್ತೊಂದು. ಮೊದಲ ಮೂರು ತಿಂಗಳ ಗರ್ಭಸ್ರಾವಗಳಲ್ಲಿ ಅರ್ಧದಷ್ಟಕ್ಕೋ ಅದಕ್ಕೂ ಹೆಚ್ಚಿನವಕ್ಕೋ ಭ್ರೂಣದ ವರ್ಣತಂತುಗಳ ಸಂಖ್ಯೆ ಏರುಪೇರಾದುದೇ ಕಾರಣ. ಅಂಡಾಣು ಪಕ್ವವಾಗುವ ಕಾಲದಲ್ಲಿ ಆಕಸ್ಮಿಕವಾಗಿ ಒದಗುವ ಈ ದೋಷ ತಾಯಿಯ ವಯಸ್ಸಿನೊಡನೆ ಹೆಚ್ಚುತ್ತದೆ, ಅವಳು ಹತ್ತಿದ ಮೆಟ್ಟಿಲಿನಿಂದಾಗಲಿ ಎತ್ತಿದ ಕೊಡದಿಂದಾಗಲಿ ಅಲ್ಲ. ಇದನ್ನು ಅರಿಯುವ ಸಾಧನವೆಂದರೆ ಹೊರಬಂದ ಗರ್ಭದ ಅಂಶವೇ. ಆದರೆ ‘ಕ್ಲೀನ್’ ಮಾಡಿದಾಗ ಅದನ್ನು ಚೆಲ್ಲಿಬಿಡುವುದೋ, ವಾಡಿಕೆಯಂತೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿಬಿಡುವುದೋ ನಡೆಯುತ್ತದೆ. ಫಾರ್ಮಲಿನ್ ಸೇರಿದ ಜೀವಕೋಶ ಸತ್ತಿತು. ಅದನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸುವುದು ಅಸಾಧ್ಯ, ಮೈಕ್ರೊಅರೆ ಪರೀಕ್ಷೆಯೂ ಕೆಡುತ್ತದೆ. ಒಂದು ತುಣುಕನ್ನು ಶುದ್ಧವಾದ ಸಲೈನಿನಲ್ಲಿ ಬೇರೆಯಾಗಿ ಇಟ್ಟು ಕಳುಹಿಸಿದ್ದರೆ ಸಾಕಾಗಿತ್ತು. ಗಂಡಹೆಂಡಿರಿಬ್ಬರ ರಕ್ತದಲ್ಲಿ ಮಾಡುವ ಕ್ಯಾರಿಯೊಟೈಪ್ ಪರೀಕ್ಷೆ ಇದಕ್ಕೆ ಪರ್ಯಾಯವಲ್ಲ. ವರ್ಣತಂತುವಿನ ತುಂಡು ಸ್ಥಾನಾಂತರಗೊಂಡಿರುವುದು ಇಂಥ ದಂಪತಿಗಳಲ್ಲಿ ನೂರಕ್ಕೆ ಮೂರು ನಾಲ್ಕು ಜೋಡಿಗಳಲ್ಲಿ ಮಾತ್ರ ಕಾಣುತ್ತದೆ, ಕಂಡವರಲ್ಲಿಯೂ ಅನೇಕರಿಗೆ ಸಹಜವಾಗಿಯೇ ಆರೋಗ್ಯವಂತ ಮಗು ಹುಟ್ಟುವುದುಂಟು.

ಗರ್ಭಕೋಶದ ರಚನೆಯ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ಮೂರು ಆಯಾಮದ ಸ್ಕ್ಯಾನಿಂಗ್ ಒಂದನ್ನು ಮಾಡಿಸುವುದು ಯೋಗ್ಯವೇ ಸರಿ. ಆದರೆ ಒಳಗೆ ಪೊರೆಯ ಗೋಡೆಯೊಂದು ಕಂಡೊಡನೆ ಕತ್ತರಿಸಬೇಕೆಂಬ ಆತುರ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅನಂತರ ಸಮರ್ಥನೀಯವಾಗಿ ಉಳಿದಿಲ್ಲ. ಚಿಕ್ಕದಾದ ಆ ಅಧ್ಯಯನದಲ್ಲಿ ಕತ್ತರಿಸಿದವರಿಗೂ ಕತ್ತರಿಸದವರಿಗೂ ಫಲದಲ್ಲಿ ಲಾಭವೆನಿಸುವ ಭೇದ ಕಾಣಲಿಲ್ಲ. ನಾಲ್ಕೈದು ತಿಂಗಳಲ್ಲಿ ನೋವಿಲ್ಲದೆ ಗರ್ಭದ ಬಾಯಿ ತೆರೆದುಕೊಂಡು ಮಗು ಜಾರುವುದು ಬೇರೆಯೇ ಸಮಸ್ಯೆ; ಅದಕ್ಕೆ ಮುಂಬಯಿಯ ವೈದ್ಯ ಶಿರೋಡ್ಕರರು 1955ರಲ್ಲಿ ವರ್ಣಿಸಿದ ಹೊಲಿಗೆಯುಂಟು, ಆದರೆ ನಮ್ಮ ದೃಷ್ಟಾಂತದ ಹೆಂಗಸಿಗೆ, ಅವಳ ನಷ್ಟಗಳೆಲ್ಲ 10ನೆಯ ವಾರದೊಳಗಿನವಾದುದರಿಂದ, ಅದರ ಪ್ರಯೋಜನವಿಲ್ಲ.

ನಿಜವಾಗಿ ಚಿಕಿತ್ಸೆಗೆ ದಾರಿಮಾಡಿಕೊಡುವ ಪರೀಕ್ಷೆ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳದು: ಲೂಪಸ್ ಆಂಟಿಕೊಯಾಗುಲಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ–2 ಗ್ಲೈಕೊಪ್ರೊಟೀನ್ ವಿರುದ್ಧದ ಪ್ರತಿಕಾಯ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುವುದಲ್ಲದೆ ಮಾಸು ಬೇರೂರುವುದಕ್ಕೂ ಅಡ್ಡಿಮಾಡುವ ಈ ಪ್ರತಿಕಾಯಗಳು ಜ್ವರ ಮೊದಲಾದ ಕಾರಣಗಳಿಂದ ಕೆಲಕಾಲ ತೋರಿ ಮರೆಯಾಗುವುದೂ ಉಂಟಾದುದರಿಂದ, ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಸಲ ಕಂಡುಬಂದರೆ ಮಾತ್ರ ರೋಗನಿರ್ಣಯವಾಗುತ್ತದೆ. ಇಲ್ಲಿ ನಮ್ಮ ಮಲೆನಾಡಿನ ದೂರವೇ ಒಂದು ತೊಡಕು. ಲೂಪಸ್ ಪರೀಕ್ಷೆಯ ರಕ್ತವನ್ನು ಸಿಟ್ರೇಟ್ ಬೆರೆತ ಕೊಳವೆಯಲ್ಲಿ ತೆಗೆದು, ನಾಲ್ಕು ಗಂಟೆಯೊಳಗಾಗಿ ಎರಡು ಸಲ ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳನ್ನು ಬೇರ್ಪಡಿಸಬೇಕು. ಉಳಿದ ಕಣಗಳು ನಾವು ಹುಡುಕುತ್ತಿರುವ ಪ್ರತಿಕಾಯವನ್ನೇ ಹೀರಿಕೊಂಡು, ಇರುವ ರೋಗವನ್ನು ಇಲ್ಲವೆಂದು ತೋರಿಸುತ್ತವೆ. ಊರಿನ ಸಂಗ್ರಹಣ ಕೇಂದ್ರದಲ್ಲಿ ಬೆಳಿಗ್ಗೆ ತೆಗೆದು ಸಂಜೆಯ ವಾಹನದಲ್ಲಿ ಹಾಗೆಯೇ ಸಾಗಿಸಿದ ರಕ್ತದ ‘ನೆಗೆಟಿವ್’ ವರದಿಯನ್ನು ನಂಬಲಾಗದು. ಆದ್ದರಿಂದ, ಗರ್ಭ ಹೋದ ಮೇಲೆ ಆರು ವಾರವಾದರೂ ಕಾದು, ಹೆಪಾರಿನ್ ತೆಗೆದುಕೊಳ್ಳದಿರುವ ಕಾಲದಲ್ಲಿ, ಪ್ರಯೋಗಶಾಲೆ ಇರುವಲ್ಲಿಗೆ ತಾನೇ ಹೋಗಿ ರಕ್ತ ಕೊಡುವುದು ಪ್ರಯಾಣದ ಶ್ರಮಕ್ಕೆ ತಕ್ಕುದು.

ಎರಡೂ ಸಲ ಪಾಸಿಟಿವ್ ಬಂದಿತೆಂದುಕೊಳ್ಳೋಣ. ಆಗ ದಿನಕ್ಕೆ 75 ಮಿಲಿಗ್ರಾಂ ಆಸ್ಪಿರಿನ್, ಬಸಿರು ಖಚಿತವಾದೊಡನೆ ಹೊಟ್ಟೆಯ ಚರ್ಮದಡಿ ದಿನವೂ ಚುಚ್ಚುವ ಹೆಪಾರಿನ್: ಇದೇ ಚಿಕಿತ್ಸೆ. ಲಂಡನ್ನಿನಲ್ಲಿ ಲೆಸ್ಲಿ ರೀಗನ್ ಮತ್ತು ಸಂಗಡಿಗರು 90 ಹೆಂಗಸರಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪಿರಿನ್ ಒಂದರಿಂದ ನೂರಕ್ಕೆ 42 ಮಂದಿಗೂ, ಹೆಪಾರಿನ್ ಕೂಡಿದಾಗ 71 ಮಂದಿಗೂ ಜೀವಂತ ಶಿಶು ಜನಿಸಿತು. ಇದನ್ನು ಕಂಡು, ಕಾರಣ ತಿಳಿಯದ ಎಲ್ಲರಿಗೂ, ವಂಶಪಾರಂಪರ್ಯವಾದ ಹೆಪ್ಪುಗಟ್ಟುವಿಕೆಯ ದೋಷವುಳ್ಳವರಿಗೂ, ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ನಿರುಪದ್ರವಿ ಭೇದವುಳ್ಳವರಿಗೂ ಅದೇ ಸೂಜಿಯನ್ನು ಬರೆಯುವ ರೂಢಿ ಬೆಳೆಯಿತು. 2023ರಲ್ಲಿ ಪ್ರಕಟವಾದ ಅಲೈಫ್–2 ಅಧ್ಯಯನದಲ್ಲಿ ವಂಶಪಾರಂಪರ್ಯದ ದೋಷವುಳ್ಳವರಲ್ಲಿ ಸೂಜಿ ಪಡೆದವರ ಫಲ ನೂರಕ್ಕೆ 72, ಪಡೆಯದವರದು 71. ಎಂಟು ತಿಂಗಳ ಬಾಸುಂಡೆಗೂ ವೆಚ್ಚಕ್ಕೂ ದೊರೆತ ಲಾಭ ಶೂನ್ಯವೆನ್ನಬೇಕು.

ಹಾರ್ಮೋನುಗಳಲ್ಲಿ ಥೈರಾಯ್ಡ್ ಪರೀಕ್ಷೆ ಸುಲಭವೂ ಅಗತ್ಯವೂ ಆದದ್ದು. ಕೊರತೆಯಿದ್ದರೆ ಮಾತ್ರೆ ಕೊಡಬೇಕು, ಪ್ರತಿಕಾಯ ಮಾತ್ರ ಇದ್ದು ಹಾರ್ಮೋನು ಸರಿಯಾಗಿದ್ದರೆ ಮಾತ್ರೆಯಿಂದ ಉಪಯೋಗವಿಲ್ಲ. ಪ್ರೊಜೆಸ್ಟಿರೋನ್ ವಿಷಯದಲ್ಲಿ ವಾದ ಬಹುಕಾಲ ನಡೆಯಿತು. ಎಲ್ಲರಿಗೂ ಮೊದಲಿನಿಂದಲೇ ಕೊಟ್ಟರೆ ಸ್ಪಷ್ಟ ಲಾಭವಿಲ್ಲ. ಆದರೆ ಹಿಂದೆ ಮೂರು ಅಥವಾ ಹೆಚ್ಚು ಬಸಿರು ಕಳೆದುಕೊಂಡು, ಈ ಬಸಿರಿನಲ್ಲಿ ರಕ್ತ ಕಂಡವರಿಗೆ 400 ಮಿಲಿಗ್ರಾಮನ್ನು ದಿನಕ್ಕೆರಡು ಸಲ ಯೋನಿಯಲ್ಲಿ ಇಟ್ಟಾಗ ಜನನದ ಪ್ರಮಾಣ ನೂರಕ್ಕೆ 57ರಿಂದ 72ಕ್ಕೆ ಏರಿತೆಂದು 2019ರ ಪ್ರಿಸಂ ಅಧ್ಯಯನ ತೋರಿಸಿತು. ನಮ್ಮ ದೃಷ್ಟಾಂತದವಳಿಗೆ ರಕ್ತ ಕಾಣಿಸಿದರೆ ಇದು ಸಲ್ಲುವ ಚಿಕಿತ್ಸೆ, 16ನೆಯ ವಾರದವರೆಗೆ.

ಎಲ್ಲ ಪರೀಕ್ಷೆಗಳೂ ಸರಿಯೆಂದು ಬಂದವರ ಸಂಖ್ಯೆಯೇ ಅರ್ಧದಷ್ಟು. ‘ಏನೂ ಸಿಗಲಿಲ್ಲ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೈಬಿಟ್ಟ ಮಾತೆಂದು ಕೇಳುತ್ತಾರೆ. ವಾಸ್ತವದಲ್ಲಿ ಈ ವಯಸ್ಸಿನ ಹೆಂಗಸರಲ್ಲಿ ಯಾವ ಔಷಧವೂ ಇಲ್ಲದೆ ಮುಂದಿನ ಬಸಿರು ಮೂರರಲ್ಲಿ ಎರಡು ಪಾಲು ಉಳಿಯುತ್ತದೆ.

ಹೆಪಾರಿನ್ ಪಡೆದವಳಿಗೂ ಭರವಸೆ ಸಂಪೂರ್ಣವಲ್ಲ. ನೂರಕ್ಕೆ ಮೂವತ್ತು ಮಂದಿಯ ಬಸಿರು ಅದರ ನಡುವೆಯೂ ಹೋಗುತ್ತದೆ. ಹಾಗೊಮ್ಮೆ ನಾಲ್ಕನೆಯ ಸಲವೂ ಆದರೆ, ಆ ಅಂಶವನ್ನು ಸಲೈನಿನಲ್ಲಿ ಕಳುಹಿಸಬೇಕೆಂದು ಮೊದಲೇ ಫೈಲಿನ ಮೇಲೆ ಬರೆದಿಟ್ಟಿರಬೇಕು. ವರ್ಣತಂತುಗಳು ಏರುಪೇರಾಗಿದ್ದರೆ ಸೋತದ್ದು ಸೂಜಿಯಲ್ಲ, ಮುಂದಿನ ಬಸಿರಿನಲ್ಲಿ ಅದೇ ಚಿಕಿತ್ಸೆ ಮುಂದುವರಿಯತಕ್ಕದ್ದು. ಸರಿಯಾಗಿದ್ದರೆ ಮಾತ್ರ ಪ್ರಮಾಣವನ್ನೂ ರೋಗನಿರ್ಣಯವನ್ನೂ ಹೊಸದಾಗಿ ಪರಿಶೀಲಿಸಬೇಕಾಗುತ್ತದೆ.