ಕೇಳಿದ್ದು ಪತ್ರ, ಕೊಟ್ಟದ್ದು ಆಶೀರ್ವಾದ

ಗ್ರಂಥಗಳ ವಿಮರ್ಶೆಗೆ ಮೀಸಲಾದ ಈ ಪುಟದಲ್ಲಿ ಒಂದು ಇಮೇಲನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ, ಓದುಗರು ಮನ್ನಿಸಬೇಕು. ಅದನ್ನು ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಊರು ಕುರುಗೋಡು, ಈಗ ಸಿರುಗುಪ್ಪದ ಶಾಲೆಯೊಂದರಲ್ಲಿ ತಾತ್ಪೂರ್ತಿಕವಾಗಿ ಕನ್ನಡ ಪಾಠ ಹೇಳುತ್ತಿದ್ದಾನೆ. ಆತನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಈ ಪ್ರಸಂಗದಲ್ಲಿ ತಪ್ಪು ಆತನದು ಅರ್ಧ, ನನ್ನದು ಅರ್ಧ.

ಜೂನ್ ತಿಂಗಳ ಆರಂಭದ ಒಂದು ಸಂಜೆ ಬಳ್ಳಾರಿಯ ನನ್ನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಆ ಪತ್ರವನ್ನು ಓದಿದೆ. ವಿಷಯ ಎಂಬ ಜಾಗದಲ್ಲಿ ‘ಪೂಜ್ಯ ಗುರುಗಳ ಪಾದಾರವಿಂದಗಳಿಗೆ’ ಎಂದಿತ್ತು. ಒಳಗೆ ಐದು ಕಂಡಿಕೆ, ಸುಮಾರು 300 ಪದ. ಮೊದಲನೆಯದರಲ್ಲಿ ನನ್ನ ಗುಣಕಥನ. ಎರಡನೆಯದರಲ್ಲಿ ಈ ಕಡೆಯ ಕ್ಷೇಮ, ಆ ಕಡೆಯ ಕ್ಷೇಮದ ಹಾರೈಕೆ. ಮೂರನೆಯದರಲ್ಲಿ ಕಾಲೇಜಿನ ದಿನಗಳ ನೆನಪು. ನಾಲ್ಕನೆಯದರಲ್ಲಿ ಒಂದು ಶಾಲೆಯಲ್ಲಿ ಕಾಯಂ ಹುದ್ದೆ ಖಾಲಿಯಿರುವ ಸುದ್ದಿ. ಐದನೆಯ ಕಂಡಿಕೆಯೆಂದರೆ ಒಂದೇ ಒಂದು ವಾಕ್ಯ. ಅದು ಹೀಗಿತ್ತು:

‘ಇಂತಿರುವಲ್ಲಿ, ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥಗೊಳಿಸುವ ಉದ್ದೇಶ ಎಳ್ಳಷ್ಟೂ ಇಲ್ಲದ ನಾನು, ಮೇಲ್ಕಂಡ ಹುದ್ದೆಗೆ ಅರ್ಜಿ ಸಲ್ಲಿಸುತ್ತಿರುವ ಸಂದರ್ಭದಲ್ಲಿ, ಸದರಿ ಸಂಸ್ಥೆಯವರು ಇದೇ ತಿಂಗಳ 20ನೆಯ ತಾರೀಖಿನೊಳಗಾಗಿ ಅಭ್ಯರ್ಥಿಯ ಅಧ್ಯಾಪಕರೊಬ್ಬರ ಪತ್ರವನ್ನು ಅಪೇಕ್ಷಿಸಿರುವ ಕಾರಣ, ತಮ್ಮಂತಹ ಮಹನೀಯರ ಕೃಪಾಶೀರ್ವಾದ ನನ್ನ ಮೇಲೆ ಸದಾ ಇರಲೆಂದು ಪ್ರಾರ್ಥಿಸುತ್ತೇನೆ.’

ನಾನು ಸಂತೋಷಪಟ್ಟೆ. ‘ಶುಭವಾಗಲಿ, ಹುದ್ದೆ ದೊರೆಯಲಿ’ ಎಂದು ಉತ್ತರ ಬರೆದೆ. ಆತ ಕಾದ. ಗುರುಗಳಿಗೆ ಮತ್ತೆ ನೆನಪು ಮಾಡುವುದು ಉದ್ಧಟತನವಾದೀತೆಂದು ಸುಮ್ಮನಿದ್ದ. 20 ಕಳೆಯಿತು, ಹುದ್ದೆಯೂ ಕೈತಪ್ಪಿತು. ಇದು ನನಗೆ ತಿಳಿದದ್ದು ಮುಂದಿನ ತಿಂಗಳು ಆತನೇ ಮನೆಗೆ ಬಂದಾಗ.

‘ಅಲ್ಲಪ್ಪಾ, ಪತ್ರ ಬೇಕೆಂದು ನೀನು ಕೇಳಲೇ ಇಲ್ಲವಲ್ಲ!’ ಎಂದೆ.

‘ಕೇಳಿದ್ದೆ ಸರ್’ ಎಂದು ಮೆಲ್ಲಗೆ ಹೇಳಿ, ಆ ವಾಕ್ಯವನ್ನು ತೋರಿಸಿದ.

ವ್ಯಾಕರಣದ ಅಧ್ಯಾಪಕನಾದ ನನಗೆ ಆಗ ನಾಚಿಕೆಯಾಯಿತು. ಆದರೆ ವ್ಯಾಕರಣದ ಕಣ್ಣಿನಿಂದ ನೋಡಿದರೆ ಆ ವಾಕ್ಯ ನಿಜವಾಗಿ ಕೇಳಿದ್ದಾದರೂ ಏನನ್ನು? ಕನ್ನಡ ವಾಕ್ಯದ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ಇಲ್ಲಿಯ ಕೊನೆಯ ಕ್ರಿಯಾಪದ ‘ಪ್ರಾರ್ಥಿಸುತ್ತೇನೆ’. ಪ್ರಾರ್ಥಿಸಿದ ವಸ್ತು ‘ಕೃಪಾಶೀರ್ವಾದ’. ಪತ್ರವೆಂಬುದು ‘ಕಾರಣ’ ಎಂಬ ಅಧೀನ ವಾಕ್ಯದೊಳಗೆ, ಅದೂ ಸಂಸ್ಥೆಯವರು ಅಪೇಕ್ಷಿಸಿದ ವಸ್ತುವಾಗಿ, ಮೂಲೆಯಲ್ಲಿ ಕುಳಿತಿದೆ. ‘ನೀವು ಬರೆದುಕೊಡಿ’ ಎಂಬ ಕ್ರಿಯಾಪದ 300 ಪದಗಳಲ್ಲಿ ಎಲ್ಲಿಯೂ ಇಲ್ಲ. ಆತ ಬರೆದುದರಲ್ಲಿ ಆಶೀರ್ವಾದದ ಬೇಡಿಕೆಯಿತ್ತು, ನಾನು ಆಶೀರ್ವಾದ ಮಾಡಿದೆ. ಕೋರಿಕೆ ಉದ್ದ ಪತ್ರದಲ್ಲಿ ಹುದುಗಿಹೋಯಿತೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ನಡೆದುದು ಅದಕ್ಕಿಂತ ಸೂಕ್ಷ್ಮ: ಸಂಕೋಚವು ಕೋರಿಕೆಯ ಕ್ರಿಯಾಪದವನ್ನೇ ನುಂಗಿಬಿಟ್ಟಿದೆ. ಇಂಥ ಪತ್ರವನ್ನು ಗುರುತಿಸಲು ಸುಲಭವಾದ ಒಂದು ಪರೀಕ್ಷೆಯಿದೆ. ಪ್ರತಿಯೊಂದು ವಾಕ್ಯದ ಕೊನೆಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಓದುವವನು ಮಾಡಬೇಕಾದ ಕೆಲಸ ಅವುಗಳಲ್ಲಿ ಒಂದಾಗಿಯೂ ಇರದಿದ್ದರೆ, ನೀವು ಕೇಳಿಲ್ಲವೆಂದೇ ಅರ್ಥ.

ಈ ಶೈಲಿ ಎಲ್ಲಿಂದ ಬಂದಿತು? ಕುರುಗೋಡಿನ ಹುಡುಗನಾದ್ದರಿಂದ ಆತನೇ ನಗುತ್ತ, ‘ನಮ್ಮೂರ ಶಾಸನಗಳಲ್ಲಿಯೂ ಹೀಗೆಯೇ ಅಲ್ಲವೇ ಸರ್?’ ಎಂದ. ಮಾತು ಸ್ವಾರಸ್ಯವಾದುದೇ. ಸಿಂದರು ಆಳಿದ ಊರದು. ದಾನಶಾಸನಗಳಲ್ಲಿ ಮೊದಲು ಸ್ತುತಿ, ಬಳಿಕ ಅರಸನ ಬಿರುದಾವಳಿ, ವಂಶ, ಕಾಲ, ಆಮೇಲೆ ಬಹಳ ಕೆಳಗೆ ಕೊಟ್ಟ ಭೂಮಿಯ ವಿವರ. ಆದರೆ ಅಲ್ಲಿ ಆ ಬಿರುದುಗಳಿಗೆ ಕೆಲಸವಿದೆ. ಯಾರ ಆಳ್ವಿಕೆಯಲ್ಲಿ, ಯಾವ ಅಧಿಕಾರದಿಂದ, ಯಾವ ದಿನ ಈ ದಾನ ನಡೆಯಿತೆಂಬುದಕ್ಕೆ ಅವೇ ಸಾಕ್ಷಿ. ಮೇಲಾಗಿ ಕಲ್ಲನ್ನು ನೆಟ್ಟವರು ಉತ್ತರಕ್ಕಾಗಿ ಕಾಯುತ್ತಿರಲಿಲ್ಲ. ನನ್ನ ಗುಣಕಥನಕ್ಕೆ ಆ ಇಮೇಲಿನಲ್ಲಿ ಅಂಥ ಯಾವ ಕೆಲಸವೂ ಇರಲಿಲ್ಲ. ಉತ್ತರವಾದರೋ 20ರೊಳಗೆ ಬೇಕಾಗಿತ್ತು.

ಇದಕ್ಕಿಂತ ಹತ್ತಿರದ ಪೂರ್ವಜವೆಂದರೆ ಕಚೇರಿಯ ಅರ್ಜಿ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಮದರಾಸಿನ ಆಡಳಿತದಲ್ಲಿದ್ದಿತು. ಇಂಗ್ಲಿಷಿನ ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂಬ ಒಕ್ಕಣೆ ಅಂದಿನ ಕಚೇರಿಗಳ ಮಾತಾಗಿತ್ತು. ‘ಸದರಿ’, ‘ಮೇಲ್ಕಂಡ’, ‘ಕೋರಿಕೊಳ್ಳುವುದೇನೆಂದರೆ’ ಮುಂತಾದುವು ಅರ್ಜಿಯ ಭಾಷೆಯಾಗಿ ಉಳಿದುಬಂದಿವೆ. ಆದರೂ ಅರ್ಜಿಗೆ ಒಂದು ಸದ್ಗುಣವುಂಟು: ‘ವಿಷಯ’ ಎಂಬ ಸಾಲಿನಲ್ಲಿ ಕೋರಿಕೆ ಮೊದಲೇ ಬಂದುಬಿಡುತ್ತದೆ. ಮನೆಯ ಕಾಗದಕ್ಕೂ ಹಿಂದೆ ಒಂದು ಕಡಿವಾಣವಿತ್ತು. 1879ರಲ್ಲಿ ಕಾಲಾಣೆಗೆ ದೊರೆಯತೊಡಗಿದ ಅಂಚೆಯ ಕಾರ್ಡಿನಲ್ಲಿ ಕ್ಷೇಮಸಮಾಚಾರ ಮೂರು ಸಾಲು ಮೀರಿದರೆ ಹೇಳಬೇಕಾದುದಕ್ಕೆ ಜಾಗವೇ ಇರುತ್ತಿರಲಿಲ್ಲ. ಇಮೇಲಿಗೆ ಅಂಚೂ ಇಲ್ಲ, ಅಂಚೆಯ ಬೆಲೆಯೂ ಇಲ್ಲ. ನನ್ನ ವಿದ್ಯಾರ್ಥಿ ಅರ್ಜಿಯಿಂದ ‘ಸದರಿ’ಯನ್ನು ತೆಗೆದುಕೊಂಡು ‘ವಿಷಯ’ವನ್ನು ಬಿಟ್ಟ, ಮನೆಯ ಕಾಗದದಿಂದ ಕ್ಷೇಮವನ್ನು ತೆಗೆದುಕೊಂಡು ಕಾರ್ಡಿನ ಮಿತಿಯನ್ನು ಬಿಟ್ಟ.

ಅಂದು ಇಬ್ಬರೂ ಕುಳಿತು ಪತ್ರವನ್ನು ತಿದ್ದಿದೆವು. ‘ಚಿಕ್ಕದು ಮಾಡು’ ಎಂದಾಗ ಆತ ಮೊದಲು ಬರೆದುದು ಇಷ್ಟು: ‘ಸರ್, ಶಿಫಾರಸು ಪತ್ರ ಬೇಕು. 20ರೊಳಗೆ ಕಳಿಸಿ.’ ಇದರಲ್ಲಿ ಕೋರಿಕೆ ಸ್ಪಷ್ಟ, ಆದರೆ ಓದಿದ ಕೂಡಲೆ ಅಂಗಡಿಗೆ ಕಳಿಸಿದ ಚೀಟಿಯ ನೆನಪಾಗುತ್ತದೆ. ಚಿಕ್ಕದು ಮಾಡಲು ಹಲವರು ಹೆದರುವುದು ಇದಕ್ಕಾಗಿಯೇ. ಮರ್ಯಾದೆಯೂ ಉದ್ದವೂ ಒಂದೇ ಎಂದು ಅವರು ನಂಬಿದ್ದಾರೆ. ಒಂದನ್ನು ಕತ್ತರಿಸಿದರೆ ಇನ್ನೊಂದೂ ಹೋಗುತ್ತದೆಂದು ಭಾವಿಸಿದ್ದಾರೆ.

ಕನ್ನಡದಲ್ಲಿ ಮರ್ಯಾದೆ ಇರುವುದು ವಿಶೇಷಣಗಳಲ್ಲಿ ಅಲ್ಲ. ಸರ್ವನಾಮದಲ್ಲಿ ಮತ್ತು ಕ್ರಿಯಾಪದದ ತುದಿಯಲ್ಲಿ. ‘ಬರೆದುಕೊಡು’, ‘ಬರೆದುಕೊಡಿ’, ‘ಬರೆದುಕೊಡಬಹುದೇ’, ‘ಬರೆದುಕೊಡಲು ಆದೀತೇ’ ಎಂಬ ನಾಲ್ಕನ್ನು ಸಾಲಾಗಿ ಹೇಳಿನೋಡಿ. ಒಂದೊಂದು ಮೆಟ್ಟಿಲಿಗೂ ವಿನಯ ಏರುತ್ತದೆ, ಆದರೆ ಉದ್ದ ಹೆಚ್ಚೆಂದರೆ ಒಂದು ಪದ ಬೆಳೆಯುತ್ತದೆ. ‘ನೀವು’ ಹೋಗಿ ‘ತಾವು’ ಬಂದರೆ ಒಂದು ಅಕ್ಷರವೂ ಹೆಚ್ಚುವುದಿಲ್ಲ. ಆದುದರಿಂದ ನಾವು ‘ಪಾದಾರವಿಂದ’, ‘ಮಹನೀಯ’, ‘ಅಮೂಲ್ಯ ಸಮಯ’ಗಳನ್ನು ಹೊಡೆದುಹಾಕಿ, ‘ತಾವು’ ಮತ್ತು ‘-ಬಹುದೇ’ ಎರಡನ್ನೂ ಭದ್ರವಾಗಿ ಉಳಿಸಿಕೊಂಡೆವು. ಕೊನೆಗೆ ನಿಂತ ಪತ್ರ ಇದು:

‘ವಿಷಯ: ಶಿಕ್ಷಕ ಹುದ್ದೆಗೆ ತಮ್ಮ ಶಿಫಾರಸು ಪತ್ರ, ಜೂನ್ 20ರೊಳಗೆ

ಗುರುಗಳಿಗೆ ನಮಸ್ಕಾರ.

ಕನ್ನಡ ಶಿಕ್ಷಕ ಹುದ್ದೆಯೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ. ತಾವು ಅದಕ್ಕೊಂದು ಶಿಫಾರಸು ಪತ್ರ ಬರೆದುಕೊಡಬಹುದೇ? ಅದು ಜೂನ್ 20ರೊಳಗೆ ಶಾಲೆಗೆ ತಲುಪಬೇಕು. ಒಂದು ಪುಟ ಸಾಕು. ಶಾಲೆಯ ವಿಳಾಸ, ನನ್ನ ಅರ್ಜಿ, ಅಂಕಪಟ್ಟಿ ಇದರೊಂದಿಗೆ ಲಗತ್ತಿಸಿದ್ದೇನೆ.

ತಮಗೆ ಬಿಡುವಿಲ್ಲದಿದ್ದರೆ ಒಂದು ಮಾತು ತಿಳಿಸಿದರೆ ಸಾಕು, ಬೇರೆಯವರನ್ನು ಕೇಳಿಕೊಳ್ಳುತ್ತೇನೆ. ಹಳಗನ್ನಡವನ್ನು ಗಟ್ಟಿಯಾಗಿ ಓದಿ ಅರ್ಥ ಬಿಡಿಸುವುದನ್ನು ತಮ್ಮಿಂದ ಕಲಿತೆ. ಈಗ ಸಿರುಗುಪ್ಪದ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೇನೆ.

ತಮ್ಮ ವಿದ್ಯಾರ್ಥಿ’

ಸುಮಾರು 50 ಪದ. ಮೊಬೈಲಿನಲ್ಲಿ ಪತ್ರವನ್ನು ತೆರೆಯುವ ಮೊದಲು ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲು, ಒಳಗಿನ ಮೊದಲ ಕೆಲವು ಮಾತು. ಕೆಲಸವೂ ಗಡುವೂ ಅಲ್ಲಿಯೇ ಸಿಕ್ಕಿಬಿಡುತ್ತವೆ. ‘ಇದೇ ತಿಂಗಳ’ ಎಂಬುದನ್ನು ಬಿಟ್ಟು ತಿಂಗಳ ಹೆಸರನ್ನೇ ಬರೆದೆವು, ತಡವಾಗಿ ಓದಿದವನಿಗೂ ಗೊಂದಲವಾಗಬಾರದೆಂದು. ‘ಬಿಡುವಿಲ್ಲದಿದ್ದರೆ’ ಎಂಬ ವಾಕ್ಯವನ್ನು ಆತ ಬೇಡವೆಂದ. ನಾನು ಹಟ ಹಿಡಿದು ಸೇರಿಸಿದೆ. ಹಿರಿಯರಿಗೆ ‘ಆಗದು’ ಎನ್ನಲು ದಾರಿ ಬಿಟ್ಟುಕೊಡುವುದು ‘ಪೂಜ್ಯ’ ಎಂಬ ಶಬ್ದಕ್ಕಿಂತ ದೊಡ್ಡ ಮರ್ಯಾದೆ. ಕೇಳಿದವನಿಗೂ ಅದರಿಂದ ಲಾಭವುಂಟು: ಬೇಗ ಬಂದ ‘ಇಲ್ಲ’ ಎಂಬುದು, ಕಾಯಿಸಿ ಕೈಬಿಡುವ ಆಶೀರ್ವಾದಕ್ಕಿಂತ ಉಪಯುಕ್ತ.

ಮೂಲದ ಮೂರು ಕಂಡಿಕೆಗಳ ಪ್ರಶಂಸೆಯಲ್ಲಿ ಉಳಿದುದು ಹಳಗನ್ನಡದ ಆ ಒಂದು ವಾಕ್ಯ. ಉಳಿದ ಮಾತುಗಳನ್ನು ಯಾವ ಅಧ್ಯಾಪಕನಿಗಾದರೂ ಬರೆಯಬಹುದಾಗಿತ್ತು. ಇದನ್ನು ನನಗೆ ಮಾತ್ರ ಬರೆಯಬಹುದು. ಅದು ಕೋರಿಕೆಯ ಬಳಿಕ ಬಂದಿರುವುದರಿಂದ ಲಂಚದಂತೆ ಕೇಳಿಸುವುದಿಲ್ಲ. ನಿಜ ಹೇಳುವುದಾದರೆ, ಆ 300 ಪದಗಳನ್ನು ಓದಿದಾಗ ನನಗಾದದ್ದು ಹೆಮ್ಮೆ; ಈ ಒಂದು ವಾಕ್ಯವನ್ನು ಓದಿದಾಗ ಕಣ್ಣು ತೇವವಾಯಿತು.

ಈ ಕತ್ತರಿ ಎಲ್ಲ ಕಡೆಗೂ ಸಲ್ಲದು. ಸಾವಿನ ಮನೆಗೆ ಬರೆಯುವ ಕಾಗದಕ್ಕೆ, ಬಹುಕಾಲ ಮಾತು ಬಿಟ್ಟವರಿಗೆ ಬರೆಯುವ ಕಾಗದಕ್ಕೆ ಪೀಠಿಕೆ ಬೇಕು. ಅಲ್ಲಿ ಪೀಠಿಕೆಯೇ ವಿಷಯ. ಆದರೆ ಗಡುವುಳ್ಳ ಕೆಲಸವನ್ನು ಕೇಳುವ ಪತ್ರವನ್ನು, ಅದರ ಸಂಗತಿ ತಿಳಿಯದ ಒಬ್ಬರಿಗೆ ಒಮ್ಮೆ ಓದಲು ಕೊಟ್ಟು, ‘ಏನು ಕೇಳಿದ್ದೇನೆ, ಯಾವಾಗ ಬೇಕು?’ ಎಂದು ಪ್ರಶ್ನಿಸಬೇಕು. ಅವರು ಮತ್ತೆ ಹಾಳೆಯ ಕಡೆ ಕಣ್ಣು ಹಾಯಿಸಿದರೆ ತಿದ್ದುವುದು ಇನ್ನೂ ಉಳಿದಿದೆಯೆಂದು ತಿಳಿಯಬೇಕು.

ಶಿಫಾರಸು ಪತ್ರವನ್ನು ಅಂದೇ ಬರೆದು ಆತನ ಕೈಗೆ ಕೊಟ್ಟೆ, ಮುಂದಿನ ಹುದ್ದೆಗಾದರೂ ಆಗಲೆಂದು. ಬರೆಯುತ್ತಿದ್ದಾಗ ನನ್ನ ಲೇಖನಿಯೂ ‘ಸದರಿ ಅಭ್ಯರ್ಥಿಯು’ ಎಂದೇ ಮೊದಲುಮಾಡಿತು. ಆತ ನೋಡಿದ, ಏನೂ ಹೇಳಲಿಲ್ಲ. ನಾನೇ ಹೊಡೆದುಹಾಕಿ ಆತನ ಹೆಸರು ಬರೆದೆ.